ಬಾಡಿಗೆ ಮನೆಯ ಚಾವಣಿ ಮತ್ತೆ ಮತ್ತೆ ಜಿನುಗಿದಾಗ: ಕೊಡಗಿನ ಮನೆ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಮೋಲ್ಡ್ ಹಾಕಿದ ಮನೆಗಳನ್ನು ಬಾಡಿಗೆಗೆ ಕೊಟ್ಟವರಿಗಾಗಿ ಈ ಪ್ರಶ್ನೋತ್ತರ. ಹಂಚಿನ ಮನೆಯ ಸೋರಿಕೆಯ ರೀತಿಯೇ ಬೇರೆ, ಅದು ಇಲ್ಲಿಲ್ಲ. ಒಂದೇ ಜಾಗದ ಬಗ್ಗೆ ಮೂರನೇ ಸಲ, ನಾಲ್ಕನೇ ಸಲ ದೂರು ಬಂದಾಗ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

## ಮೊದಲ ಫೋನ್ ಬಂದಾಗ

ಬಾಡಿಗೆಯವರು ವಾರಕ್ಕೊಂದು ಸಲ ಫೋನ್ ಮಾಡಿ "ಸೋರ್ತಾ ಇದೆ" ಅಂತಾರೆ. ಪ್ರತಿ ಸಲ ಅದೇ ಮಾತು. ನಾನು ಏನು ಕೇಳಬೇಕು?

"ಎಷ್ಟು ಸೋರುತ್ತಿದೆ" ಎಂದು ಕೇಳಿದರೆ "ತುಂಬಾ" ಎಂಬ ಉತ್ತರ ಬರುತ್ತದೆ. ಅದರಿಂದ ನಿಮಗೂ ಮೇಸ್ತ್ರಿಗೂ ಉಪಯೋಗವಿಲ್ಲ. ಕೇಳಬೇಕಾದದ್ದು ಸಮಯ. ಮಳೆ ಶುರುವಾಗಿ ಎಷ್ಟು ಹೊತ್ತಿಗೆ ತೇವ ಕಾಣಿಸಿತು? ಮಳೆ ನಿಂತ ಮೇಲೆ ಎಷ್ಟು ಹೊತ್ತಿಗೆ ನಿಂತಿತು? ಮಳೆ ನೇರವಾಗಿ ಸುರಿಯಿತೋ, ಗಾಳಿಯ ಜೊತೆ ಇರಚಲು ಹೊಡೆಯಿತೋ? ನೀರು ತೊಟ್ಟಿಕ್ಕುತ್ತಿದೆಯೋ, ಬರೀ ಕಲೆ ದೊಡ್ಡದಾಗುತ್ತಿದೆಯೋ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ತಾರಸಿ ಹತ್ತುವ ಮೊದಲೇ ಅರ್ಧ ಪತ್ತೆ ಮುಗಿದಂತೆ.

ಜೊತೆಗೆ ಒಂದು ಫೋಟೋ ಕೇಳಿ. ಕಲೆ ಮಾತ್ರ ಕಾಣುವ ಹತ್ತಿರದ ಫೋಟೋ ಸಾಲದು, ಕಿಟಕಿ ಅಥವಾ ಫ್ಯಾನ್ ಕೂಡ ಚೌಕಟ್ಟಿನಲ್ಲಿ ಬರಬೇಕು. ಇಲ್ಲದಿದ್ದರೆ ಆರು ತಿಂಗಳ ನಂತರ ಅದು ಯಾವ ಕೋಣೆಯ ಯಾವ ಮೂಲೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಾಡಿಗೆಯವರ ಒಪ್ಪಿಗೆ ಪಡೆದು ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರೆ ಇನ್ನೂ ಒಳ್ಳೆಯದು. ಮುಂದಿನ ಮಳೆಗೆ ಕಲೆ ಗೆರೆ ದಾಟಿತೋ ಇಲ್ಲವೋ ಎಂಬುದು ವಾದಕ್ಕೆ ಬಿಡುವ ವಿಷಯವಾಗುವುದಿಲ್ಲ.

ಫ್ಯಾನ್ ಹುಕ್‌ನಿಂದ, ಲೈಟ್ ಪಾಯಿಂಟ್‌ನಿಂದಲೇ ನೀರು ತೊಟ್ಟಿಕ್ಕುತ್ತಿದೆ. ಹೆದರಬೇಕೇ?

ಹೆದರಲೇಬೇಕು. ಆ ಸರ್ಕ್ಯೂಟ್‌ನ ಎಂಸಿಬಿ ಇಳಿಸಲು ತಕ್ಷಣ ಹೇಳಿ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಅದನ್ನು ಮೇಲೆತ್ತಬಾರದು.

ಇದು ಪತ್ತೆಯ ದಾರಿಯನ್ನೂ ತಪ್ಪಿಸುತ್ತದೆ. ಮೋಲ್ಡ್‌ನೊಳಗೆ ಹೂತ ವೈರಿಂಗ್ ಪೈಪಿಗೆ ಎಲ್ಲೋ ಒಂದು ಬಿರುಕಿನಿಂದ ನೀರು ಇಳಿದರೆ ಅದು ಪೈಪಿನಲ್ಲೇ ಹರಿದು, ಮೊದಲು ಸಿಗುವ ತೆರೆದ ಬಾಯಿಯಲ್ಲಿ ಹೊರಬರುತ್ತದೆ. ತೆರೆದ ಬಾಯಿ ಎಂದರೆ ಫ್ಯಾನ್ ಬಾಕ್ಸ್ ಅಥವಾ ಲೈಟ್ ಪಾಯಿಂಟ್. ಹಾಗಾಗಿ ಫ್ಯಾನಿನ ನೇರ ಮೇಲಿನ ತಾರಸಿಯನ್ನು ಅಗೆಸಬೇಡಿ. ಬಿರುಕು ಅಲ್ಲಿಂದ ಹತ್ತು ಅಡಿ ದೂರ ಇರಬಹುದು.

"ಮಳೆಗಾಲ ಮುಗೀಲಿ, ಆಮೇಲೆ ನೋಡೋಣ" ಅಂತ ಹೇಳಿದ್ದೇನೆ. ತಪ್ಪೇ?

ಅರ್ಧ ಸರಿ, ಅರ್ಧ ತಪ್ಪು. ಶಾಶ್ವತ ಕೆಲಸಕ್ಕೆ ಕಾಯಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ ಮಳೆಯಲ್ಲಿ, ಮಡಿಕೇರಿಯ ತಾರಸಿ ಒಂದು ದಿನವೂ ಪೂರ್ತಿ ಒಣಗುವುದಿಲ್ಲ. ಒದ್ದೆ ಕಾಂಕ್ರೀಟಿನ ಮೇಲೆ ಬಳಿದ ಕೋಟಿಂಗ್ ಹಿಡಿಯುವುದಿಲ್ಲ, ಗುಳ್ಳೆ ಎದ್ದು ಸುಲಿಯುತ್ತದೆ. "ಎರಡು ದಿನ ಬಿಸಿಲು ಬಂದಿದೆ, ಬಳಿದುಬಿಡೋಣ" ಎನ್ನುವ ಕಂಟ್ರಾಕ್ಟರಿಗೆ ಬೇಡ ಎನ್ನಿ.

ಆದರೆ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಲು ಮಳೆಗಾಲಕ್ಕಿಂತ ಒಳ್ಳೆಯ ಸಮಯವಿಲ್ಲ. ಜನವರಿಯಲ್ಲಿ ತಾರಸಿ ಹತ್ತಿದರೆ ಎಲ್ಲವೂ ಒಣಗಿ ಒಂದೇ ಥರ ಕಾಣುತ್ತದೆ. ಮಳೆ ಬರುವಾಗಲೇ ಒಂದು ಸಲ ಮನೆಗೆ ಹೋಗಿ ನೋಡಿ.

ಅಲ್ಲಿಯವರೆಗೆ ತಾತ್ಕಾಲಿಕವಾಗಿ ಎರಡು ಕೆಲಸ ಮಾಡಿಸಬಹುದು. ಮೊದಲನೆಯದು ತಾರಸಿಯ ನೀರು ಹೋಗುವ ಬಾಯಿಗಳನ್ನು ಬಿಡಿಸುವುದು. ಸಿಲ್ವರ್ ಓಕ್ ಮರ ಹತ್ತಿರವಿದ್ದರೆ ಅದರ ಎಲೆ ಜಾಲರಿಯ ಮೇಲೆ ಚಾಪೆಯಂತೆ ಕೂತುಬಿಡುತ್ತದೆ. ಎರಡನೆಯದು ಟಾರ್ಪಾಲ್. ಅದನ್ನು ನೆಲದ ಮೇಲೆ ಹಾಸಿ ಕಲ್ಲು ಹೇರಿದರೆ ಉಪಯೋಗವಿಲ್ಲ, ನೀರು ಅಡಿಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ಪ್ಯಾರಪೆಟ್ ಗೋಡೆಯ ತಲೆಯನ್ನೂ ಹೊರಮುಖವನ್ನೂ ಮುಚ್ಚುವಂತೆ ಹೊರಗೆ ಇಳಿಬಿಟ್ಟು, ಒಳಗಿನ ಅಂಚು ನೀರಿನ ಬಾಯಿಯ ಕಡೆ ಇಳಿಜಾರಾಗುವಂತೆ ಕಟ್ಟಿಸಿ.

ಮಳೆ ನಿಂತು ವಾರ ಆಯಿತು. ಆದರೂ ಮೂಲೆಯಲ್ಲಿ ಕಪ್ಪು ಬೂಷ್ಟು. ಇದೂ ಸೋರಿಕೆಯೇ?

ಆಗಿರಲೇಬೇಕೆಂದಿಲ್ಲ. ನಮ್ಮ ಚಳಿಯಲ್ಲಿ ಕಿಟಕಿ ಮುಚ್ಚಿದ ಕೋಣೆ, ಒಳಗೆ ಒಣಗಲು ಹಾಕಿದ ಬಟ್ಟೆ, ಬಿಸಿನೀರಿನ ಹಬೆ ಎಲ್ಲ ಸೇರಿದರೆ ಗಾಳಿಯ ತೇವವೇ ತಣ್ಣಗಿನ ಚಾವಣಿಗೆ ಕೂರುತ್ತದೆ. ಪರೀಕ್ಷೆ ಸುಲಭ. ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಕೋಣೆಯ ಕಡೆಗಿನ ಮೈಯಲ್ಲಿ ಹನಿ ಇದ್ದರೆ ಅದು ಗಾಳಿಯ ತೇವ, ಕಿಟಕಿ ತೆರೆದು ಗಾಳಿಯಾಡಿಸಬೇಕು. ಹಾಳೆಯ ಹಿಂಬದಿಯಲ್ಲಿ ಹನಿ ಇದ್ದರೆ ಚಾವಣಿಯಿಂದಲೇ ಬರುತ್ತಿದೆ.

ಈ ಪರೀಕ್ಷೆಯನ್ನು ಬಾಡಿಗೆಯವರ ಎದುರೇ ಮಾಡಿ. "ನೀವೇ ಕಿಟಕಿ ತೆಗೆಯಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಜಗಳವೇ ಆಗುತ್ತದೆ.

## ನೀರಿನ ದಾರಿ ಹುಡುಕುವುದು

ಮೂರು ಸಲ ಕೋಟಿಂಗ್ ಹಾಕಿಸಿದೆ. ಪ್ರತಿ ಮಳೆಗಾಲ ಅದೇ ಮೂಲೆ ಒದ್ದೆ. ಎಲ್ಲಿ ತಪ್ಪುತ್ತಿದ್ದೇವೆ?

ಹೆಚ್ಚಿನ ಸಲ ತಪ್ಪುವುದು ಮದ್ದಿನಲ್ಲಲ್ಲ, ಜಾಗದಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಳಿಜಾರಿನಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ತಾರಸಿ 40 ಅಡಿ ಉದ್ದ, 26 ಅಡಿ ಅಗಲ. ಮೇಲಿನ ಅಂತಸ್ತಿನಲ್ಲಿ ಬಾಡಿಗೆಯವರು. ಪಶ್ಚಿಮದ ಗೋಡೆಗೆ ತಾಗಿದ ಬೆಡ್‌ರೂಮಿನ ಮೂಲೆಯಲ್ಲಿ ಕಲೆ. ಬಾಡಿಗೆಯವರು ಬರೆದಿಟ್ಟದ್ದು ಹೀಗಿದೆ ಎಂದುಕೊಳ್ಳಿ:

- ಜೂನ್ 9: ರಾತ್ರಿಯಿಡೀ ಜೋರು ಮಳೆ, ಗಾಳಿ ಇಲ್ಲ. ಮೂಲೆ ಒಣಗಿದೆ.
- ಜೂನ್ 14: ಸಂಜೆ ಗಾಳಿ ಮಳೆ, ಪಶ್ಚಿಮದ ಕಿಟಕಿಗೆ ಇರಚಲು. ಮುಕ್ಕಾಲು ಗಂಟೆಯಲ್ಲಿ ಮೂಲೆ ಒದ್ದೆ.
- ಜೂನ್ 22: ಬೆಳಗ್ಗಿಂದ ಮಳೆ, ಗಾಳಿ ಇಲ್ಲ. ಒಣಗಿದೆ.
- ಜುಲೈ 3: ಗಾಳಿ ಮಳೆ. ಒಂದು ಗಂಟೆಯಲ್ಲಿ ಒದ್ದೆ. ಮಳೆ ನಿಂತು ಎರಡು ಗಂಟೆಗೆ ಕಲೆ ಬೆಳೆಯುವುದು ನಿಂತಿದೆ.

ತಾರಸಿಯ ನೆಲದಿಂದ ನೀರು ಇಳಿಯುತ್ತಿದ್ದರೆ ಜೂನ್ 9ರ ರಾತ್ರಿಯೇ ಸೋರಬೇಕಿತ್ತು. ನೆಲದ ನೀರು ಗಾರೆಯಲ್ಲಿ ನೆನೆದು, ಬಿರುಕು ಹುಡುಕಿ ಕೆಳಗೆ ಬರಲು ಸಾಮಾನ್ಯವಾಗಿ ಹಲವು ಗಂಟೆ ಬೇಕು, ಮಳೆ ನಿಂತ ಮೇಲೂ ಒಂದೆರಡು ದಿನ ಜಿನುಗುತ್ತಲೇ ಇರುತ್ತದೆ. ಇಲ್ಲಿ ಬೇಗ ಬಂದು ಬೇಗ ನಿಂತಿದೆ, ಅದೂ ಪಶ್ಚಿಮದ ಗಾಳಿ ಇದ್ದಾಗ ಮಾತ್ರ. ಅಂದರೆ ದಾರಿ ಚಿಕ್ಕದು, ನೀರು ಪಕ್ಕದಿಂದ ನುಗ್ಗುತ್ತಿದೆ.

ಏಣಿ ಹಾಕಿ ಹೊರಗಿನಿಂದ ನೋಡಿದರೆ ಇಂಥ ಮನೆಗಳಲ್ಲಿ ಸಿಗುವುದು ಒಂದೇ: ಮೋಲ್ಡ್‌ನ ಅಂಚು ಮುಗಿದು ಪ್ಯಾರಪೆಟ್ ಶುರುವಾಗುವ ಗೆರೆಯಲ್ಲಿ ಅಡ್ಡಕ್ಕೆ ಓಡಿದ ಕೂದಲೆಳೆಯ ಬಿರುಕು. ಕಾಂಕ್ರೀಟ್ ಮತ್ತು ಇಟ್ಟಿಗೆ ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಹಾಗಾಗಿ ಎರಡೂ ಸೇರುವ ಕಡೆ ಮೇಲಿನ ಗಾರೆ ಸೀಳುತ್ತದೆ. ಪ್ಯಾರಪೆಟ್ಟಿನ ತಲೆಯೂ ಚಪ್ಪಟೆ ಇದ್ದರೆ ಅಲ್ಲಿ ನಿಂತ ನೀರು ಇಟ್ಟಿಗೆಯೊಳಗೆ ಇಳಿದು ಅದೇ ಗೆರೆಗೆ ಬರುತ್ತದೆ. ಮೂರು ಸಲ ಬಳಿದ ಕೋಟಿಂಗ್ ತಾರಸಿಯ ನೆಲಕ್ಕೆ ಮಾತ್ರ. ಅದು ಎಷ್ಟೇ ಒಳ್ಳೆಯ ಮಾಲಾದರೂ ಹೊರಗಿನ ಬಿರುಕಿಗೆ ಏನು ಮಾಡೀತು?

ಖಚಿತಪಡಿಸಿಕೊಳ್ಳಲು ಒಣಗಿದ ದಿನ ಹೊರಗೋಡೆಗೆ ಪೈಪಿನಿಂದ ನೀರು ಬಿಡಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಕಿಟಕಿಯ ಸಜ್ಜೆಯ ಮಟ್ಟಕ್ಕೆ 15 ನಿಮಿಷ, ಆಮೇಲೆ ಆ ಬಿರುಕಿನ ಗೆರೆಗೆ 15 ನಿಮಿಷ, ಕೊನೆಗೆ ಪ್ಯಾರಪೆಟ್ಟಿನ ತಲೆಗೆ. ಪ್ರತಿ ಹಂತದ ನಂತರ ಅರ್ಧ ಗಂಟೆ ಕಾದು ಒಳಗೆ ನೋಡಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಇಡೀ ಗೋಡೆಯ ಮೇಲೆ ಇಳಿದು ಯಾವ ಬಿರುಕಿನಿಂದ ಒಳಗೆ ಬಂತೆಂದೇ ತಿಳಿಯುವುದಿಲ್ಲ.

ತಾರಸಿಯ ಮೇಲೆ ನೀರು ಕಟ್ಟಿ ಪರೀಕ್ಷೆ ಮಾಡಬೇಕು ಅಂತಾರೆ. ಎಷ್ಟು ನೀರು, ಎಷ್ಟು ದಿನ?

ಎರಡು ಇಂಚು ಎತ್ತರ, 48 ಗಂಟೆ ಸಾಕು. ಅದಕ್ಕಿಂತ ಎತ್ತರ ಬೇಡ. ಎರಡು ಇಂಚು, ಅಂದರೆ 50 ಮಿ.ಮೀ. ನೀರು ನಿಂತರೆ ಒಂದು ಚದರ ಮೀಟರಿಗೆ 50 ಕೆ.ಜಿ. ಭಾರ ಬೀಳುತ್ತದೆ. ಆರೋಗ್ಯವಾಗಿರುವ ಮೋಲ್ಡ್ ಅದನ್ನು ತಡೆಯುತ್ತದೆ. ಆದರೆ ಚಾವಣಿಯಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ಈ ಪರೀಕ್ಷೆಗೇ ಕೈಹಾಕಬಾರದು.

ಇಡೀ ತಾರಸಿಯನ್ನು ಒಮ್ಮೆಲೇ ತುಂಬಿಸಿದರೆ ಎಲ್ಲಿ ಇಳಿಯಿತೆಂದು ತಿಳಿಯುವುದಿಲ್ಲ, ಸಾವಿರಾರು ಲೀಟರ್ ನೀರೂ ಬೇಕು. ಸಂಶಯವಿರುವ ಕೋಣೆಯ ಮೇಲೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲಕ್ಕೆ ತೆಳು ಗಾರೆಯ ಕಟ್ಟೆ ಕಟ್ಟಿಸಿ, ಪಕ್ಕಕ್ಕೆ ಒಂದು ಬಕೆಟ್‌ನಲ್ಲೂ ಅಷ್ಟೇ ಎತ್ತರಕ್ಕೆ ನೀರಿಡಿ. ಒಂದು ಕಟ್ಟೆಗೆ ಸುಮಾರು 450 ಲೀಟರ್ ಹಿಡಿಯುತ್ತದೆ. ಬಕೆಟ್‌ನಲ್ಲಿ ನೀರು ಎಷ್ಟು ಇಳಿಯಿತೋ ಅಷ್ಟು ಆವಿಯಾಗಿದೆ. ಕಟ್ಟೆಯಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಇಳಿದಿದ್ದರೆ ನೆಲದಲ್ಲೇ ದಾರಿಯಿದೆ. ಮೇಲಿನ ಉದಾಹರಣೆಯ ಮನೆಯಲ್ಲಿ ಈ ಪರೀಕ್ಷೆ ಮಾಡಿದರೆ ಕೆಳಗಿನ ಮೂಲೆ ಒಣಗಿಯೇ ಇರುತ್ತದೆ. ನೆಲ ಸರಿಯಿದೆ ಎಂದು ತಿಳಿಯುವುದೂ ಲಾಭವೇ, ನಾಲ್ಕನೇ ಕೋಟಿಂಗ್‌ನ ದುಡ್ಡು ಉಳಿಯುತ್ತದೆ.

ಮೇಲಿನ ಮನೆಯವರ ಬಾತ್‌ರೂಮ್ ಕೆಳಗೆ ಒದ್ದೆ. ಅವರು "ನಮ್ಮದಲ್ಲ" ಅಂತಾರೆ.

ಬೇಸಗೆಯಲ್ಲೂ ಒದ್ದೆಯಿದ್ದರೆ ಮಳೆಯ ಮೇಲೆ ತಪ್ಪು ಹೊರಿಸಲಾಗದು. ಮೇಲಿನ ಮನೆಯ ನಲ್ಲಿಗಳನ್ನೆಲ್ಲ ರಾತ್ರಿ ಮುಚ್ಚಿಸಿ ನೀರಿನ ಮೀಟರ್ ನೋಡಿ. ಬೆಳಗ್ಗೆ ಮುಳ್ಳು ಮುಂದೆ ಹೋಗಿದ್ದರೆ ನೀರು ಬರುವ ಪೈಪಿನಲ್ಲೇ ಸೋರಿಕೆ. ಮೀಟರ್ ಕದಲದಿದ್ದರೆ ಬಾತ್‌ರೂಮಿನ ನೆಲದ ಜಾಲಿಯ ಬಾಯಿಗೆ ಬಟ್ಟೆ ತುರುಕಿ, ನೆಲದಲ್ಲಿ ಒಂದು ಇಂಚು ನೀರನ್ನು ಒಂದು ದಿನ ನಿಲ್ಲಿಸಿ. ಆಗ ಒದ್ದೆಯಾದರೆ ಟೈಲ್ಸ್ ಸಂದು ಅಥವಾ ಜಾಲಿಯ ಸುತ್ತ. ಒಣಗಿಯೇ ಇದ್ದು, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ಒದ್ದೆಯಾದರೆ ಹೊರಹೋಗುವ ಪೈಪಿನ ಜೋಡಣೆ. ಇಬ್ಬರೂ ನಿಮ್ಮ ಬಾಡಿಗೆದಾರರೇ ಆದರೆ ಪರೀಕ್ಷೆಯ ದಿನ ನೀವೂ ಅಲ್ಲಿರಿ, ಒಬ್ಬರ ಮೇಲೊಬ್ಬರನ್ನು ಕಾವಲಿಗೆ ಬಿಡಬೇಡಿ.

## ಕಂಟ್ರಾಕ್ಟರ್ ಜೊತೆ

ಕೆಲಸಕ್ಕೆ ಯಾವ ತಿಂಗಳು ಹಿಡಿಯಬೇಕು? ಬೇಕಾದಾಗ ಯಾರೂ ಸಿಗಲ್ಲ.

ತುಲಾ ಸಂಕ್ರಮಣ ಕಳೆದ ಕೂಡಲೇ, ಅಕ್ಟೋಬರ್ ಕೊನೆಗೆ, ಮಾತಾಡಿ ಮುಗಿಸಿ. ನವೆಂಬರಿನಲ್ಲೂ ಆಗಾಗ ಮಳೆ ಬರುವುದರಿಂದ ಬಳಿಯುವ ಕೆಲಸಕ್ಕೆ ಡಿಸೆಂಬರ್ ಕೊನೆಯಿಂದ ಮಾರ್ಚ್ ಆರಂಭದವರೆಗಿನ ಒಣ ದಿನಗಳೇ ಒಳ್ಳೆಯವು. ಆದರೆ ಅದೇ ಹೊತ್ತಿಗೆ ಕಾಫಿ ಕೊಯ್ಲು, ಸಹಾಯಕ್ಕೆ ಆಳು ಸಿಗುವುದು ಕಷ್ಟ. ಮುಂಚೆಯೇ ದಿನ ನಿಗದಿ ಮಾಡಿಕೊಂಡವರ ಕೆಲಸ ಆಗುತ್ತದೆ. ಹೂಮಳೆ ಬಂದ ಮೇಲೆ ಓಡಾಡುವವರಿಗೆ ಸಿಗುವುದು ಅವಸರದ ಕೆಲಸ.

ಮೂವರನ್ನು ಕರೆದೆ. ಮೂರು ರೇಟು, ಮೂರು ಮದ್ದು. ಹೇಗೆ ಹೋಲಿಸಲಿ?

ಚದರಡಿಯ ರೇಟು ಹೋಲಿಸಿ ಉಪಯೋಗವಿಲ್ಲ. ಏನೇನು ಮಾಡಬೇಕೆಂದು ನೀವೇ ಒಂದು ಹಾಳೆಯಲ್ಲಿ ಬರೆದು ಮೂವರಿಗೂ ಅದನ್ನೇ ಕೊಡಿ. ಕಲೆಯ ದಾಖಲೆ, ಪರೀಕ್ಷೆಯ ಫಲಿತಾಂಶವನ್ನೂ ತೋರಿಸಿ. ಅದನ್ನು ಓದದೆ "ಇಡೀ ತಾರಸಿ ಬಳಿಯೋಣ ಸಾರ್" ಎನ್ನುವವರನ್ನು ಅಲ್ಲೇ ಬಿಡಬಹುದು.

ಉದಾಹರಣೆಯ ಮನೆಗೆ ಆ ಹಾಳೆ ಹೀಗಿರುತ್ತದೆ. ಪಶ್ಚಿಮದ 26 ಅಡಿ, ಅಂದರೆ ಸುಮಾರು 8 ಮೀಟರ್ ಉದ್ದಕ್ಕೆ ಬಿರುಕಿನ ಮೇಲೂ ಕೆಳಗೂ ಸಡಿಲ ಗಾರೆಯನ್ನು ಕೆತ್ತಿ ತೆಗೆಯಬೇಕು. ಬಿರುಕನ್ನು ಕಟರಿನಿಂದ 10 ಮಿ.ಮೀ. ಅಗಲ, 10 ಮಿ.ಮೀ. ಆಳಕ್ಕೆ ಬಿಡಿಸಿ, ದೂಳು ಊದಿ, ಒಣಗಿದ ಮೇಲೆ ಹಿಗ್ಗುವ ಕುಗ್ಗುವ ಗುಣವಿರುವ ಪಾಲಿಯುರಿಥೇನ್ ಸೀಲೆಂಟ್ ತುಂಬಬೇಕು. ಬರೀ ಸಿಮೆಂಟ್ ತುಂಬಿದರೆ ಮುಂದಿನ ಬೇಸಗೆಗೆ ಮತ್ತೆ ಸೀಳುತ್ತದೆ. 8 ಮೀಟರ್ ಗೆರೆಗೆ 800 ಮಿ.ಲೀ. ಸೀಲೆಂಟ್ ಬೇಕು, 600 ಮಿ.ಲೀ.ಯ ಎರಡು ಪ್ಯಾಕ್. ಅದರ ಮೇಲೆ ಜಾಲರಿ ಇಟ್ಟು ಹೊಸ ಗಾರೆ. ಪ್ಯಾರಪೆಟ್ಟಿನ ತಲೆಗೆ ತಾರಸಿಯ ಕಡೆ ಇಳಿಜಾರಾಗುವ ಹೊಸ ಗಾರೆ ಹಾಕಿ, ಹೊರಗಿನ ಅಂಚನ್ನು ಎರಡು ಇಂಚು ಮುಂದೆ ಚಾಚಿ, ಅದರ ಅಡಿಯಲ್ಲಿ ನೀರು ಕಡಿಯುವ ಗೆರೆ ಬಿಡಬೇಕು. ಆ ಗೆರೆಯಿಲ್ಲದಿದ್ದರೆ ನೀರು ಅಂಚಿನ ಅಡಿಯಲ್ಲೇ ಹಿಂದಕ್ಕೆ ಹರಿದು ಗೋಡೆ ಹಿಡಿಯುತ್ತದೆ. ಸಣ್ಣ ಕೆಲಸವೆಂದು ಮೇಸ್ತ್ರಿಗಳು ಬಿಟ್ಟುಬಿಡುವುದು ಇದನ್ನೇ.

ನೆಲಕ್ಕೂ ಕೋಟಿಂಗ್ ಬೇಕಾದ ಮನೆಯಾದರೆ ಮಾಲಿನ ಲೆಕ್ಕ ಹಾಕಿ. 40 ಅಡಿ, 26 ಅಡಿಯ ನೆಲ 1040 ಚದರಡಿ. ಪ್ಯಾರಪೆಟ್ಟಿನ ಒಳಗೋಡೆಗೆ ಒಂದಡಿ ಎತ್ತರ ಸುತ್ತಲೂ ಹತ್ತಿಸಿದರೆ ಇನ್ನೂ 132. ಒಟ್ಟು 1172. ಪ್ಯಾಕಿನ ಮೇಲೆ "ಎರಡು ಕೋಟಿಗೆ ಕೆ.ಜಿ.ಗೆ 10 ಚದರಡಿ" ಎಂದಿದ್ದರೆ ಸುಮಾರು 117 ಕೆ.ಜಿ. ಬೇಕು. ಕೆಲಸ ಮುಗಿದಾಗ ಖಾಲಿ ಪ್ಯಾಕ್ ಎಣಿಸಿದರೆ 60 ಕೆ.ಜಿ. ಮಾತ್ರ ಸಿಕ್ಕರೆ ಎರಡನೇ ಕೋಟಿ ಬಿದ್ದಿಲ್ಲ ಎಂದರ್ಥ. ಹಾಗಾಗಿ ಖಾಲಿ ಪ್ಯಾಕ್ ಎಸೆಯಬಾರದು ಎಂಬ ಮಾತನ್ನೂ ಹಾಳೆಯಲ್ಲಿ ಬರೆಯಿರಿ.

ನಾವು ಊರಲ್ಲಿಲ್ಲ. ಕೆಲಸ ನೋಡಿಕೊಳ್ಳಿ ಅಂತ ಬಾಡಿಗೆಯವರಿಗೆ ಹೇಳಬಹುದಾ?

ಬಾಗಿಲು ತೆರೆಯಲು, ಕರೆಂಟು ನೀರು ಕೊಡಲು ಕೇಳಬಹುದು. ಕೆಲಸ ಸರಿಯಿದೆಯೇ ಎಂದು ನೋಡುವ ಹೊಣೆ ಅವರದ್ದಲ್ಲ. ಮುಂದೆ ಸೋರಿದರೆ "ಅವರೇ ಸರಿ ಅಂದಿದ್ರು" ಎಂದು ಕಂಟ್ರಾಕ್ಟರ್ ಕೈ ತೊಳೆದುಕೊಳ್ಳಲು ದಾರಿ ಮಾಡಿಕೊಡಬೇಡಿ.

ಬದಲಿಗೆ, ಮುಚ್ಚಿಹೋಗುವ ಪ್ರತಿ ಹಂತದ ಮೊದಲು ಕೆಲಸ ನಿಲ್ಲಿಸಿ ಫೋಟೋ ಕಳಿಸಬೇಕೆಂದು ಕಂಟ್ರಾಕ್ಟರಿಗೆ ಷರತ್ತು ಹಾಕಿ. ಕೆತ್ತಿದ ಮೇಲೆ ಒಂದು, ಸೀಲೆಂಟ್ ತುಂಬಿದ ಮೇಲೆ ಒಂದು, ಕೋಟಿಂಗ್ ಇದ್ದರೆ ಮೊದಲ ಕೋಟಿಯ ನಂತರ ಒಂದು. ನೀವು "ಸರಿ, ಮುಂದುವರಿಸಿ" ಎಂದು ಬರೆಯುವವರೆಗೆ ಮುಂದಿನದು ಬೇಡ. ಕೋಟಿಂಗ್‌ಗೆ ಮೊದಲು ತಾರಸಿ ಒಣಗಿದೆಯೇ ಎಂದು ತಿಳಿಯಲು ಹಿಂದೆ ಹೇಳಿದ ಪ್ಲಾಸ್ಟಿಕ್ ಹಾಳೆಯನ್ನೇ ನೆಲಕ್ಕೆ ಅಂಟಿಸಿ ರಾತ್ರಿ ಬಿಡಿಸಿ. ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆದ ಫೋಟೋ ಕೂಡ ಬೇಕು. ಪಾಚಿಯ ಮೇಲೆ ಬಳಿದದ್ದು ಪಾಚಿಯ ಜೊತೆಯೇ ಎದ್ದು ಬರುತ್ತದೆ.

ಬಾಡಿಗೆಯವರಿಗೆ ಎರಡು ದಿನ ಮೊದಲು ಹೀಗೊಂದು ಸಂದೇಶ ಸಾಕು: "ಅಕ್ಕ, ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಮೇಸ್ತ್ರಿ ಮತ್ತು ಇಬ್ಬರು ಬರ್ತಾರೆ. ಕೆಲಸ ಹೊರಗೆ ಮತ್ತು ತಾರಸಿಯಲ್ಲಿ ಮಾತ್ರ. ಕಟರ್ ಶಬ್ದ, ದೂಳು ಇರುತ್ತೆ, ಪಶ್ಚಿಮದ ಕಿಟಕಿ ಮುಚ್ಚಿಡಿ. ಸಂಜೆ ಐದಕ್ಕೆ ಮುಗಿಸ್ತಾರೆ."

ಪೂರ್ತಿ ದುಡ್ಡು ಕೊಟ್ಟ ಮೇಲೆ ಫೋನೇ ಎತ್ತಲ್ಲ. ಹಣ ಹೇಗೆ ಕೊಡಬೇಕು?

ಮಾಲು ತಂದಾಗ ಒಂದು ಪಾಲು, ಕೆಲಸ ಮುಗಿದು ನೀರಿನ ಪರೀಕ್ಷೆಯಲ್ಲಿ ಪಾಸಾದಾಗ ಇನ್ನೊಂದು ಪಾಲು. ಹತ್ತನೇ ಒಂದು ಭಾಗವನ್ನು ಜುಲೈ ಕೊನೆಯವರೆಗೆ ಹಿಡಿದಿಡಿ, ಮತ್ತು ಇದನ್ನು ಮೊದಲೇ ಬರೆದು ಒಪ್ಪಿಸಿ. ಆಮೇಲೆ ಹೇಳಿದರೆ ಅದು ಮೋಸವಾಗಿ ಕಾಣುತ್ತದೆ. "ಐದು ವರ್ಷ ಗ್ಯಾರಂಟಿ" ಎಂದು ಕಾರ್ಡಿನಲ್ಲಿ ಬರೆದುಕೊಟ್ಟರೆ ಅದು ಮಾಲಿಗೋ ಕೆಲಸಕ್ಕೋ ಎಂದು ಕೇಳಿ. ಮಾಲಿಗೆ ಮಾತ್ರ ಆದರೆ ಮತ್ತೆ ಬಳಿಯುವ ಕೂಲಿ ನಿಮ್ಮದೇ.

ಒಳಗಿಂದಲೇ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಆಗಲ್ವಾ? ಇಂಜೆಕ್ಷನ್ ಅಂತಲೂ ಹೇಳ್ತಾರೆ.

ಒಳಗಿನ ಪೇಂಟ್ ಕಲೆ ಮುಚ್ಚುತ್ತದೆ, ನೀರನ್ನಲ್ಲ. ನೀರು ಪೇಂಟಿನ ಹಿಂದೆ ಸೇರಿಕೊಂಡು ಗುಳ್ಳೆ ಏಳಿಸುತ್ತದೆ, ಇಲ್ಲವೇ ಇನ್ನೆರಡು ಅಡಿ ಸರಿದು ಹೊರಬರುತ್ತದೆ. ಆಗ ನಿಮ್ಮ ಹಳೆಯ ದಾಖಲೆಯೂ ದಾರಿ ತಪ್ಪಿಸುತ್ತದೆ. ಇಂಜೆಕ್ಷನ್, ಅಂದರೆ ಬಿರುಕಿಗೆ ತೂತು ಕೊರೆದು ರಾಳ ತುಂಬುವುದು, ಸ್ಪಷ್ಟವಾಗಿ ಕಾಣುವ ಒಂದೇ ಬಿರುಕಿಗೆ ಒಳ್ಳೆಯ ಉಪಾಯ. ಆದರೆ ಮೋಲ್ಡ್‌ನ ದಪ್ಪ ನಾಲ್ಕೈದು ಇಂಚು ಮಾತ್ರ, ಒಳಗೆ ಕಂಬಿಯೂ ವೈರಿಂಗ್ ಪೈಪೂ ಇದೆ. ಅನುಭವವಿಲ್ಲದವರ ಕೈಗೆ ಡ್ರಿಲ್ ಕೊಡಬೇಡಿ.

ತಾರಸಿಗೆ ಶೀಟ್ ಹಾಕಿಸಿಬಿಟ್ಟರೆ ಈ ರಗಳೆಯೇ ಇರಲ್ಲ ಅಲ್ವಾ?

ಮಡಿಕೇರಿ, ಭಾಗಮಂಡಲದ ಮಳೆಗೆ ಅದು ನ್ಯಾಯವಾದ ಮಾತು, ನೆಲ ಸೋರುವ ಹಳೆ ಮನೆಗೆ ಅದೇ ಕೊನೆಗೆ ಅಗ್ಗ. ಬಟ್ಟೆ ಒಣಗಿಸಲೂ ಜಾಗವಾಗುತ್ತದೆ. ಆದರೆ ಶೀಟಿನ ಅಂಚು ಪ್ಯಾರಪೆಟ್ಟಿನಿಂದ ಹೊರಗೆ ಒಂದೂವರೆ ಎರಡು ಅಡಿ ಚಾಚದಿದ್ದರೆ ಇರಚಲು ಗೋಡೆಗೆ ಹೊಡೆಯುತ್ತಲೇ ಇರುತ್ತದೆ, ಮೇಲಿನ ಉದಾಹರಣೆಯ ಮೂಲೆ ಆಗಲೂ ಒದ್ದೆಯೇ. ಗಾಳಿಗೆ ಹಾರದಂತೆ ಕಂಬದ ಬುಡವನ್ನು ಭದ್ರ ಮಾಡುವ ಆಂಕರ್ ಬೋಲ್ಟ್‌ಗಳನ್ನು ಮೋಲ್ಡ್‌ಗೆ ಕೊರೆದರೆ ಅವೇ ಹೊಸ ತೂತುಗಳಾಗುತ್ತವೆ ಎಂಬುದನ್ನೂ ಮರೆಯಬೇಡಿ.

## ದಾಖಲೆ, ಬಾಡಿಗೆ, ಕಾನೂನು

ವಾಟ್ಸಾಪ್‌ನಲ್ಲೇ ಎಲ್ಲ ಇದೆಯಲ್ಲ, ಬೇರೆ ದಾಖಲೆ ಯಾಕೆ?

ವಾಟ್ಸಾಪ್‌ನಲ್ಲಿ ಇದೆ, ಆದರೆ ಬೇಕಾದಾಗ ಸಿಗುವುದಿಲ್ಲ. ಫೋನ್ ಬದಲಾದರೆ ಫೋಟೋಗಳೂ ಹೋಗುತ್ತವೆ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ದೂರಿಗೆ ಒಂದು ಸಾಲು: ತಾರೀಖು, ಸಮಯ, ಕೋಣೆಯ ಯಾವ ಮೂಲೆ, ಮಳೆ ಮತ್ತು ಗಾಳಿ, ಎಷ್ಟು ಹೊತ್ತಿಗೆ ಒದ್ದೆ, ನೀವು ಏನು ಉತ್ತರ ಕೊಟ್ಟಿರಿ, ಯಾವ ದಿನ ಯಾರು ಬಂದು ಏನು ಮಾಡಿದರು. ಫೋಟೋಗಳನ್ನು ಒಂದೇ ಫೋಲ್ಡರಿನಲ್ಲಿ ತಾರೀಖು ಮೊದಲು ಬರುವ ಹೆಸರಿನಲ್ಲಿ ಇಟ್ಟರೆ ತಾವಾಗಿಯೇ ಕ್ರಮವಾಗಿ ನಿಲ್ಲುತ್ತವೆ:

```
2025-07-03_bedroom-west_01.jpg
2025-07-03_bedroom-west_02.jpg
```

ಬಾಯಿಮಾತಿನಲ್ಲಿ ಬಂದ ದೂರಿಗೂ ಅದೇ ದಿನ ಒಂದು ಸಂದೇಶ ಕಳಿಸಿ: "ಇವತ್ತು ನೀವು ಹೇಳಿದ್ದು ಬರೆದುಕೊಂಡಿದ್ದೇನೆ. ಶನಿವಾರ ಬಂದು ನೋಡ್ತೇನೆ." ಶನಿವಾರ ಹೋಗಲಾಗದಿದ್ದರೆ ಶುಕ್ರವಾರವೇ ತಿಳಿಸಿ. ದೂರು ಪದೇ ಪದೇ ಬರುವುದಕ್ಕೆ ನೀರು ಒಂದು ಕಾರಣ, ಉತ್ತರ ಬಾರದಿರುವುದು ಇನ್ನೊಂದು.

ಕಂಟ್ರಾಕ್ಟರಿನ ಬಿಲ್ಲು, ಮಾಲಿನ ಬಿಲ್ಲು, ಬ್ಯಾಚ್ ನಂಬರ್ ಕಾಣುವ ಪ್ಯಾಕಿನ ಫೋಟೋ, ಪರೀಕ್ಷೆಯ ಫೋಟೋ ಎಲ್ಲವನ್ನೂ ಅದೇ ನೋಟ್‌ಬುಕ್ಕಿಗೆ ಲಗತ್ತಿಸಿ. ಮುಂದಿನ ವರ್ಷ ಬೇರೆ ಮೇಸ್ತ್ರಿ ಬಂದರೆ ಮೊದಲು ಕೇಳುವುದು "ಮೊದಲು ಏನು ಹಾಕಿದ್ದರು" ಎಂದು. ಹಳೆಯ ಕೋಟಿಂಗ್ ಯಾವುದೆಂದು ಗೊತ್ತಿಲ್ಲದೆ ಮೇಲೆ ಬೇರೊಂದನ್ನು ಬಳಿದರೆ ಎರಡಕ್ಕೂ ಹೊಂದಿಕೆಯಾಗದೆ ಕಿತ್ತು ಬರಬಹುದು.

ಬಾಡಿಗೆಯವರು "ನಾವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಹಿಡ್ಕೊಳ್ತೇವೆ" ಅಂತಾರೆ. ಹಾಗೆ ಮಾಡಬಹುದಾ?

ಅಗ್ರಿಮೆಂಟಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ಅವರ ಮಾತಿಗೆ ಆಧಾರವಿದೆ. ಆಸ್ತಿ ವರ್ಗಾವಣೆ ಕಾಯ್ದೆ, 1882ರ ಸೆಕ್ಷನ್ 108(ಎಫ್) ಪ್ರಕಾರ, ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ನಂತರವೂ ಸೂಕ್ತ ಸಮಯದೊಳಗೆ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಅದೇ ಸೆಕ್ಷನ್ನಿನ (ಎಮ್) ಭಾಗ, ಸೂಕ್ತ ಸಮಯದಲ್ಲಿ ಮಾಲೀಕರು ಒಳಬಂದು ಮನೆಯ ಸ್ಥಿತಿ ನೋಡಲು ಬಾಡಿಗೆದಾರ ಬಿಡಬೇಕು ಎನ್ನುತ್ತದೆ. "ಸೂಕ್ತ ಸಮಯ" ಎಷ್ಟೆಂಬುದೇ ಜಗಳದ ಮೂಲ. ಜುಲೈಯಲ್ಲಿ ಶಾಶ್ವತ ಕೆಲಸ ಆಗದು ಎಂಬುದು ನಿಮ್ಮ ನ್ಯಾಯವಾದ ಕಾರಣ. ಆದರೆ ಅದನ್ನು ಜುಲೈಯಲ್ಲೇ ಬರೆದು ತಿಳಿಸಿರಬೇಕು, ಟಾರ್ಪಾಲ್ ಕಟ್ಟಿಸಿರಬೇಕು, ಕೆಲಸದ ತಿಂಗಳು ಹೇಳಿರಬೇಕು. ವಿವಾದ ಬೆಳೆದರೆ ಅಗ್ರಿಮೆಂಟ್ ಹಿಡಿದು ವಕೀಲರನ್ನು ಕಾಣಿ.

ಒಂದು ಕೋಣೆ ಬಳಸಲಾಗದಷ್ಟು ಒದ್ದೆಯಿದ್ದರೆ ಆ ತಿಂಗಳುಗಳಿಗೆ ಬಾಡಿಗೆಯಲ್ಲಿ ಒಂದಷ್ಟು ಬಿಡುವುದು ಒಳ್ಳೆಯದು. ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆದುಕೊಡಿ. ಅವಧಿ ಬರೆಯದೆ ಬಿಟ್ಟದ್ದು ಶಾಶ್ವತ ಬಾಡಿಗೆಯಾಗಿಬಿಡುತ್ತದೆ.

ಇಂಜಿನಿಯರನ್ನು ಯಾವಾಗ ಕರೆಯಬೇಕು?

ಕಲೆಯ ಬಣ್ಣ ತುಕ್ಕಿನ ಕಂದು ಆದಾಗ, ಕಂಬಿಯ ನೇರಕ್ಕೆ ಉದ್ದ ಬಿರುಕು ಕಂಡಾಗ, ಕೋಲಿನಿಂದ ತಟ್ಟಿದರೆ ಚಾವಣಿ ಟೊಳ್ಳು ಶಬ್ದ ಮಾಡಿದಾಗ. ಬಿಳಿ ಉಪ್ಪಿನ ಪುಡಿ ನೀರಿನ ಗುರುತು ಮಾತ್ರ, ಆದರೆ ಕಂದು ಬಣ್ಣ ಎಂದರೆ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತದೆ. ಆ ಕೋಣೆಯಲ್ಲಿ ಮಲಗುವುದನ್ನು ಅದೇ ದಿನ ನಿಲ್ಲಿಸಲು ಹೇಳಿ. ಇದು ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರಿನ ಕೆಲಸವಲ್ಲ.

ಕೆಲಸ ಆಯಿತು. ಒಳಗೆ ಪೇಂಟ್ ಯಾವಾಗ? ದೂರು ಮುಗಿಯಿತು ಅಂತ ಯಾವಾಗ ಬರೆಯಲಿ?

ಬಾಡಿಗೆಯವರು ಮೊದಲು ಕೇಳುವುದೇ ಪೇಂಟ್, ಆದರೆ ಅದು ಕೊನೆಗೆ. ಕೆಲಸ ಮುಗಿದ ಕೂಡಲೇ ಹೊರಗೋಡೆಗೆ ಮತ್ತೆ ಪೈಪಿನ ನೀರು ಬಿಟ್ಟು ನೋಡಿ. ಒಳಗೆ ಒಣಗಿದ್ದರೆ ಹಳೆ ಕಲೆಯ ಅಂಚಿಗೆ ಹೊಸ ಪೆನ್ಸಿಲ್ ಗೆರೆ, ತಾರೀಖು. ಮುಂದಿನ ಜೂನ್ ಜುಲೈಯಲ್ಲಿ ಗಾಳಿ ಸಮೇತ ಮೂರು ನಾಲ್ಕು ಜೋರು ಮಳೆ ಕಳೆದ ಮೇಲೂ ಕಲೆ ಆ ಗೆರೆ ದಾಟದಿದ್ದರೆ ಹಿಡಿದಿಟ್ಟ ಹಣ ಕೊಟ್ಟು, ಬಾಡಿಗೆಯವರಿಂದ "ಸರಿಯಾಗಿದೆ" ಎಂಬ ಒಂದು ಸಾಲಿನ ಸಂದೇಶ ಪಡೆದು ನೋಟ್‌ಬುಕ್ಕಿನಲ್ಲಿ ಆ ದೂರನ್ನು ಮುಚ್ಚಿ. ಉಪ್ಪು ಕೆರೆದು, ಪ್ರೈಮರ್, ಪುಟ್ಟಿ, ಪೇಂಟ್ ಮಾಡಿಸುವುದು ಮಳೆಗಾಲ ಕಳೆದು ಚಾವಣಿ ಪೂರ್ತಿ ಒಣಗಿದ ಮೇಲೆ. ಅಷ್ಟು ದಿನ ಕಲೆ ಹಾಗೇ ಇರುತ್ತದೆ ಎಂದು ಬಾಡಿಗೆಯವರಿಗೆ ಕೆಲಸ ಶುರುವಾಗುವ ಮೊದಲೇ ಹೇಳಿರಿ.